ಒಂದೂ ಮುಕ್ಕಾಲು ಗಂಟೆಯ ಉಪನ್ಯಾಸದಲ್ಲಿ ಬೋರ್ಡೋ ಮಾಡುವ ಜಾಗ ಎಲ್ಲಿದೆ?

ಪ್ರಶ್ನೆ: ನಮ್ಮೂರ ಅಡಿಕೆ ಬೆಳೆಗಾರರ ಸಂಘದಿಂದ ಕೊಳೆ ರೋಗದ ಬಗ್ಗೆ ಒಂದು ಉಪನ್ಯಾಸ ಇಟ್ಟಿದ್ದೆವು, ಅದನ್ನ ಯೂಟ್ಯೂಬ್‌ಗೆ ಹಾಕಿದ್ದೇನೆ. 1 ಗಂಟೆ 43 ನಿಮಿಷ ಇದೆ. ಡಿಸ್ಕ್ರಿಪ್ಷನ್‌ನಲ್ಲಿ ಟೈಮ್ ಬರೆದಿದ್ದೇನೆ ಸರ್, ಆದರೆ ಬಾರ್‌ನಲ್ಲಿ ಚಾಪ್ಟರ್ ಕಾಣ್ತಿಲ್ಲ. ಗೂಗಲ್‌ನಲ್ಲಿ "ಬೋರ್ಡೋ ದ್ರಾವಣ" ಅಂತ ಹುಡುಕಿದರೆ ನಮ್ಮ ವಿಡಿಯೊದ ಆ ಜಾಗ ಬರೋದಿಲ್ಲ. ನಾನು ಬರೆದದ್ದು ಹೀಗಿದೆ, ಏನು ತಪ್ಪು ಹೇಳಿ:

```
0:20 ಸ್ವಾಗತ
5:00 ಉಪನ್ಯಾಸ ಆರಂಭ
30:00 ಭಾಗ 2
60:00 ಭಾಗ 3
1:20:00 ಪ್ರಶ್ನೋತ್ತರ
```

ಉತ್ತರ: ನೀವು ಕಳಿಸಿದ ಲಿಂಕ್ ತೆಗೆದು ಪೂರ್ತಿ ನೋಡಿದೆ. ಉಪನ್ಯಾಸ ಬಹಳ ಚೆನ್ನಾಗಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಎಂದು ಮಳೆಗಾಲದ ಮುಂಚೆ ಒಬ್ಬ ಬೆಳೆಗಾರ ಹುಡುಕುವ ಉತ್ತರ ನಿಮ್ಮ ವಿಡಿಯೊದಲ್ಲಿದೆ, ಆದರೆ ಅದು ನಲವತ್ತೊಂದನೇ ನಿಮಿಷದಲ್ಲಿ ಎಲ್ಲೋ ಕೂತಿದೆ, ಅಲ್ಲಿದೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಬಾರ್‌ನಲ್ಲಿ ಚಾಪ್ಟರ್ ಯಾಕೆ ಬಂದಿಲ್ಲ ಅನ್ನುವುದು ಸುಲಭದ ಪ್ರಶ್ನೆ. ನಿಮ್ಮ ಮೊದಲ ಸಾಲು 0:20ರಿಂದ ಶುರುವಾಗಿದೆ. ಯೂಟ್ಯೂಬ್‌ಗೆ ಮೊದಲ ಸಾಲು 0:00 ಆಗಿಯೇ ಇರಬೇಕು. ಇಲ್ಲದಿದ್ದರೆ ಅದು ಆ ಪಟ್ಟಿಯನ್ನು ಚಾಪ್ಟರ್ ಎಂದು ತೆಗೆದುಕೊಳ್ಳುವುದೇ ಇಲ್ಲ, ಸಮಯಗಳು ಬರೀ ನೀಲಿ ಲಿಂಕ್ ಆಗಿ ಉಳಿಯುತ್ತವೆ. ಜೊತೆಗೆ ಕಡಿಮೆಯೆಂದರೆ ಮೂರು ಸಮಯ ಇರಬೇಕು, ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಹೋಗಬೇಕು, ಒಂದೊಂದು ಚಾಪ್ಟರ್ 10 ಸೆಕೆಂಡಾದರೂ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪಟ್ಟಿ ಕೆಲಸ ಮಾಡುವುದಿಲ್ಲ. 21:40 ಎಂದು ಬರೆಯಬೇಕಾದಲ್ಲಿ ಕೈತಪ್ಪಿ 12:40 ಎಂದು ಬರೆದರೂ ಸಾಕು, ಮತ್ತೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಯಾರೂ ನಿಮಗೆ ಹೇಳುವುದಿಲ್ಲ, ನೀವೇ ಒಂದೊಂದಾಗಿ ನೋಡಬೇಕು. (ಚಾನೆಲ್ ಮೇಲೆ ಸ್ಟ್ರೈಕ್ ಇದ್ದರೂ ಚಾಪ್ಟರ್ ಬರುವುದಿಲ್ಲ. ನಿಮ್ಮದಕ್ಕೆ ಹಾಗೇನೂ ಇರಲಿಕ್ಕಿಲ್ಲ.)

60:00 ಎಂದು ಬರೆದದ್ದನ್ನೂ ಬದಲಿಸಿ. ಗಂಟೆ ದಾಟಿದ ಮೇಲೆ ಗಂಟೆ, ನಿಮಿಷ, ಸೆಕೆಂಡ್ ಮೂರೂ ಬರೆಯಬೇಕು, ಅಂದರೆ 1:00:00. ಗಂಟೆ ದಾಟುವ ಮುಂಚೆ ಗಂಟೆಯ ಸೊನ್ನೆ ಬೇಡ. ಒಂದು ಸಾಲಿಗೆ ಒಂದೇ ಸಮಯ, ಅದೇ ಸಾಲಿನಲ್ಲಿ ಅದರ ಹೆಸರು. ಅಂಕಿಗಳನ್ನು ನೀವು ಈಗ ಬರೆದಿರುವ ಹಾಗೆ 1, 2, 3 ಎಂದೇ ಇಡಿ, ಕನ್ನಡದ ಅಂಕಿ ಬೇಡ. ಇನ್ನೊಂದು ಸಣ್ಣ ವಿಷಯ ಇದೆ. ನಿಮ್ಮ ಡಿಸ್ಕ್ರಿಪ್ಷನ್‌ನ ಮೇಲ್ಭಾಗದಲ್ಲಿ "ಕಾರ್ಯಕ್ರಮ ಸಂಜೆ 4:30ಕ್ಕೆ ನಡೆಯಿತು" ಎಂದಿದೆ. ಆ 4:30 ಕೂಡ ವಿಡಿಯೊದ ಸಮಯವೆಂಬಂತೆ ನೀಲಿ ಆಗಿದೆ, ಒತ್ತಿದರೆ ಸ್ವಾಗತ ಭಾಷಣದ ಮಧ್ಯಕ್ಕೆ ಹೋಗುತ್ತದೆ. "ಸಂಜೆ ನಾಲ್ಕೂವರೆಗೆ" ಎಂದು ಅಕ್ಷರದಲ್ಲಿ ಬರೆದುಬಿಡಿ.

ಇಷ್ಟು ಸರಿ ಮಾಡಿ ಉಳಿಸಿದ ಕೂಡಲೇ ಬಾರ್ ತುಂಡು ತುಂಡಾಗಿ ಕಾಣಿಸುತ್ತದೆ. ಆದರೆ ನೀವು ಕೇಳಿದ ಎರಡನೇ ವಿಷಯ, ಹುಡುಕಿದಾಗ ಆ ಜಾಗ ಸಿಗಬೇಕು ಅನ್ನುವುದು, ಇದರಿಂದ ಆಗುವುದಿಲ್ಲ. "ಭಾಗ 2" ಎಂದು ಯಾರೂ ಹುಡುಕುವುದಿಲ್ಲ ಅಲ್ವಾ?

ಯೂಟ್ಯೂಬ್‌ನಲ್ಲಿರುವ ವಿಡಿಯೊಗೆ ಗೂಗಲ್ ಈ ಡಿಸ್ಕ್ರಿಪ್ಷನ್‌ನ ಪಟ್ಟಿಯನ್ನು ಓದಬಲ್ಲದು. ಹುಡುಕಾಟದ ಫಲಿತಾಂಶದಲ್ಲಿ ವಿಡಿಯೊದ ಕೆಳಗೆ "ಕೀ ಮೊಮೆಂಟ್ಸ್" ಎಂದು ಸಣ್ಣ ಸಣ್ಣ ಚಿತ್ರ, ಸಮಯ, ಹೆಸರು ಬರುವುದನ್ನು ನೀವು ನೋಡಿರಬಹುದು. ಅಲ್ಲಿ ಬರುವ ಹೆಸರು ಹೆಚ್ಚಾಗಿ ನೀವು ಬರೆದ ಹೆಸರೇ. ಅಂದರೆ ಆ ಒಂದು ಸಾಲು ಎರಡು ಕೆಲಸ ಮಾಡಬೇಕು. ಒಬ್ಬ ಬೆಳೆಗಾರ ಟೈಪ್ ಮಾಡುವ ಮಾತು ಅದರಲ್ಲಿ ಇರಬೇಕು, ಮತ್ತೆ ಅವರು ಅದನ್ನು ಒತ್ತಿದಾಗ ಮೊದಲ ವಾಕ್ಯದಲ್ಲೇ "ಹೌದು, ಇದೇ ನಾನು ಹುಡುಕಿದ್ದು" ಅನ್ನಿಸಬೇಕು. ಹೆಸರು ಮತ್ತು ಸೆಕೆಂಡ್, ಇವೆರಡರಲ್ಲೇ ಎಲ್ಲ ಇದೆ.

ಮೊದಲು ಸೆಕೆಂಡ್ ನೋಡೋಣ. ನಿಮ್ಮ ಪಟ್ಟಿಯಲ್ಲಿ 5:00, 30:00, 60:00 ಎಂದು ಎಲ್ಲವೂ ದುಂಡು ಸಂಖ್ಯೆ. ಉಪನ್ಯಾಸಕರು ಯಾರೂ ಸರಿಯಾಗಿ ಮೂವತ್ತನೇ ನಿಮಿಷಕ್ಕೆ ವಿಷಯ ಬದಲಿಸುವುದಿಲ್ಲ. 5:00 ಒತ್ತಿ ನೋಡಿದೆ, ಅಧ್ಯಕ್ಷರು ಇನ್ನೂ ಹಾರ ಹಾಕುತ್ತಿದ್ದಾರೆ. 30:00ರಲ್ಲಿ ಒಂದು ವಾಕ್ಯದ ಅರ್ಧಕ್ಕೆ ಬಂದು ಬೀಳುತ್ತೇವೆ. ಹುಡುಕಿ ಬಂದವರು ಹಾಗೆ ಅರ್ಧದಲ್ಲಿ ಬಿದ್ದರೆ ಐದು ಸೆಕೆಂಡ್ ನೋಡಿ ಹಿಂದೆ ಹೋಗಿಬಿಡುತ್ತಾರೆ.

ಇನ್ನೂ ಜಾಸ್ತಿ ಜನ ಮಾಡುವ ತಪ್ಪೆಂದರೆ ಸ್ಲೈಡ್ ಬದಲಾದ ಜಾಗಕ್ಕೆ ಸಮಯ ಹಾಕುವುದು. ಅದು ಕಣ್ಣಿಗೆ ಸುಲಭವಾಗಿ ಕಾಣುತ್ತದೆ, ಬಾರ್ ಎಳೆದರೆ ಗೊತ್ತಾಗುತ್ತದೆ. ಆದರೆ ನಿಮ್ಮ ವಿಡಿಯೊದಲ್ಲೇ ನೋಡಿ. ಬೋರ್ಡೋ ದ್ರಾವಣದ ಸ್ಲೈಡ್ ಬರುವುದು 40:52ಕ್ಕೆ. ಸ್ಲೈಡ್ ಬಂದರೂ ಉಪನ್ಯಾಸಕರು ಹಿಂದಿನ ವಿಷಯದ ಬಾಲ ಮುಗಿಸುತ್ತಿದ್ದಾರೆ, ಆಮೇಲೆ ಯಾರೋ ಬಂದು ಮೈಕ್ ಸರಿ ಮಾಡುತ್ತಾರೆ, ಅವರು ಒಂದು ಗುಟುಕು ನೀರು ಕುಡಿಯುತ್ತಾರೆ. 41:38ಕ್ಕೆ ಹೇಳುತ್ತಾರೆ: "ನೂರು ಲೀಟರ್ ಬೋರ್ಡೋ ಮಾಡಬೇಕಾದರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ." ಈ ವಾಕ್ಯವೇ ಬಾಗಿಲು. ಇದಕ್ಕೆ ಒಂದು ಸೆಕೆಂಡ್ ಮುಂಚೆ, 41:37ಕ್ಕೆ, ಗುರುತು ಹಾಕಬೇಕು. ಸ್ಲೈಡ್‌ಗೆ ಹಾಕಿದ್ದರೆ ಬಂದವರು ಮುಕ್ಕಾಲು ನಿಮಿಷ ಮೈಕ್ ಸರಿ ಮಾಡುವುದನ್ನು ನೋಡಬೇಕಾಗಿತ್ತು.

ನಾನು ಹೀಗೆ ಕೆಲಸ ಮಾಡುತ್ತೇನೆ. ಮೊದಲ ಸುತ್ತಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಪೂರ್ತಿ ಕೇಳುತ್ತೇನೆ, ನಿಲ್ಲಿಸುವುದಿಲ್ಲ. ವಿಷಯ ತಿರುಗಿದ ಹಾಗೆ ಕೇಳಿಸಿದ ಕಡೆ ಹಾಳೆಯಲ್ಲಿ ನಿಮಿಷ ಮಾತ್ರ ಬರೆದುಕೊಳ್ಳುತ್ತೇನೆ, ಪಕ್ಕದಲ್ಲಿ ಒಂದೆರಡು ಪದ. ನಿಮ್ಮ ವಿಡಿಯೊಗೆ ಇದಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎರಡನೇ ಸುತ್ತಿನಲ್ಲಿ ಆ ಜಾಗಗಳಿಗೆ ಮಾತ್ರ ಹೋಗಿ ಮಾಮೂಲಿ ವೇಗದಲ್ಲಿ ಕೇಳಿ ಸೆಕೆಂಡ್ ಹಿಡಿಯುತ್ತೇನೆ. ಕಂಪ್ಯೂಟರ್‌ನಲ್ಲಿ ಮಾಡಿದರೆ ಒಳ್ಳೆಯದು, ಯಾಕೆಂದರೆ ಕೀಬೋರ್ಡ್‌ನ ಎಡ, ಬಲ ಬಾಣ ಒತ್ತಿದರೆ 5 ಸೆಕೆಂಡ್ ಹಿಂದೆ ಮುಂದೆ ಹೋಗುತ್ತದೆ, `J` ಮತ್ತು `L` ಒತ್ತಿದರೆ 10 ಸೆಕೆಂಡ್. ಫೋನ್‌ನಲ್ಲಿ ಬೆರಳಿನಿಂದ ಇಷ್ಟು ಉದ್ದದ ವಿಡಿಯೊದ ಬಾರ್ ಎಳೆದರೆ ಒಂದೇ ಸಲಕ್ಕೆ ಅರ್ಧ ನಿಮಿಷ ಹಾರಿಬಿಡುತ್ತದೆ.

ಹಿಡಿದ ಸೆಕೆಂಡ್ ಸರಿಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಅಲ್ಲಿಂದ ಹತ್ತು ಸೆಕೆಂಡ್ ಮಾತ್ರ ಕೇಳಿ, ಹಿಂದಿನದೇನೂ ಗೊತ್ತಿಲ್ಲದವರ ಹಾಗೆ. "ಹಾಗಾಗಿ ಇದನ್ನು ಮಾಡಿದ ಮೇಲೆ..." ಎಂದು ಶುರುವಾದರೆ ಜಾಗ ಸರಿಯಿಲ್ಲ. "ಇದು" ಯಾವುದು ಎಂದು ಬಂದವರಿಗೆ ಹೇಗೆ ಗೊತ್ತಾಗಬೇಕು? ಒಂದು ವಾಕ್ಯ ಹಿಂದೆ ಹೋಗಿ, ವಿಷಯದ ಹೆಸರು ಬಾಯಲ್ಲಿ ಬರುವ ಕಡೆ ಹಾಕಿ. ಕೆಲವು ಸಲ ಹೆಸರು ಎಲ್ಲೂ ಬರುವುದಿಲ್ಲ, ಆಗ ನೀವು ಬರೆಯುವ ಹೆಸರೇ ಆ ಕೊರತೆ ತುಂಬಬೇಕು.

ಈಗ ಹೆಸರಿನ ವಿಷಯ. ಇಲ್ಲೇ ನಮ್ಮ ಭಾಷೆಯ ನಿಜವಾದ ತೊಡಕು ಇರುವುದು. ಒಂದೇ ಕೆಲಸಕ್ಕೆ ತೀರ್ಥಹಳ್ಳಿ ಕಡೆ ಔಷಧಿ ಹೊಡೆಯುವುದು ಅಂದರೆ ಪುತ್ತೂರು ಕಡೆ ಮದ್ದು ಬಿಡುವುದು ಅನ್ನುತ್ತಾರೆ. ಉಪನ್ಯಾಸಕರು ಸ್ಲೈಡ್‌ನಲ್ಲಿ "ಶಿಲೀಂಧ್ರನಾಶಕ ಸಿಂಪರಣೆ" ಎಂದು ಬರೆದಿದ್ದಾರೆ. ನೀವು ಸ್ಲೈಡ್ ನೋಡಿ ಅದನ್ನೇ ಹೆಸರಾಗಿ ಇಳಿಸಿದರೆ ಪುಸ್ತಕದ ಮಾತು ಬರುತ್ತದೆ, ತೋಟದ ಮಾತು ಬರುವುದಿಲ್ಲ. ರಾತ್ರಿ ಊಟ ಮುಗಿಸಿ ಫೋನ್ ಹಿಡಿದ ಬೆಳೆಗಾರ "ಶಿಲೀಂಧ್ರನಾಶಕ" ಎಂದು ಟೈಪ್ ಮಾಡುವುದು ಕಷ್ಟ. "ಅಡಿಕೆಗೆ ಔಷಧಿ ಯಾವಾಗ ಹೊಡೆಯಬೇಕು" ಎಂದು ಮಾಡಬಹುದು, ಇಲ್ಲವೇ ಮೈಕ್ ಒತ್ತಿ ಬಾಯಲ್ಲೇ ಕೇಳಬಹುದು.

ಯಾವ ಮಾತು ಜನ ಹುಡುಕುತ್ತಾರೆ ಎಂದು ಊಹಿಸುತ್ತಾ ಕೂರಬೇಕಾಗಿಲ್ಲ. ಯೂಟ್ಯೂಬ್‌ನ ಹುಡುಕುವ ಪೆಟ್ಟಿಗೆಯಲ್ಲಿ "ಅಡಿಕೆ ಕೊಳೆ" ಎಂದು ಬರೆದು ನಿಲ್ಲಿಸಿ, ಕೆಳಗೆ ಸಲಹೆಗಳು ಇಳಿಯುತ್ತವೆ. ಅವು ಜನ ಹುಡುಕಿದ ಮಾತುಗಳಿಂದ ಬರುವಂಥವು. "ಬೋರ್ಡೋ" ಎಂದು ಬರೆದು ನೋಡಿ, ಆಮೇಲೆ `adike kole roga` ಎಂದು ಇಂಗ್ಲಿಷ್ ಅಕ್ಷರದಲ್ಲೂ ಬರೆದು ನೋಡಿ, ಯಾಕೆಂದರೆ ಕನ್ನಡ ಕೀಬೋರ್ಡ್ ಇಲ್ಲದವರು ಹಾಗೇ ಬರೆಯುತ್ತಾರೆ. ನಿಮ್ಮ ಚಾನೆಲ್‌ನ ಯೂಟ್ಯೂಬ್ ಸ್ಟುಡಿಯೊದಲ್ಲಿ ಅನಾಲಿಟಿಕ್ಸ್ ಒಳಗೆ ಯಾವ ಮಾತು ಹುಡುಕಿ ಜನ ಬಂದರು ಎಂಬ ಪಟ್ಟಿಯೂ ಇರುತ್ತದೆ. ನೋಡುಗರು ಕಡಿಮೆ ಇದ್ದರೆ ಅದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅದಕ್ಕಿಂತ ಒಳ್ಳೆಯದು ನಿಮ್ಮ ಸಂಘದ ವಾಟ್ಸಾಪ್ ಗುಂಪು. ಹೋದ ಮಳೆಗಾಲದ ಜೂನ್, ಜುಲೈ ತಿಂಗಳ ಮೆಸೇಜ್‌ಗಳಿಗೆ ಹಿಂದೆ ಹೋಗಿ ಓದಿ, ಜನ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳುತ್ತಾರೆ ಎಂದು ಅಲ್ಲಿ ಇದ್ದ ಹಾಗೇ ಸಿಗುತ್ತದೆ.

ಒಂದು ಸಾಲಿಗೆ ಎಲ್ಲ ಹೆಸರನ್ನೂ ತುರುಕಬೇಡಿ. "ಬೋರ್ಡೋ ಬೋರ್ಡೊ ಬೋರ್ಡಾಕ್ಸ್ ಮೈಲುತುತ್ತ ಸುಣ್ಣ ಔಷಧಿ ಮದ್ದು" ಎಂದು ಬರೆದರೆ ಓದುವವರಿಗೆ ಅದು ಚಾಪ್ಟರ್ ಅನ್ನಿಸುವುದೇ ಇಲ್ಲ. ಸಾಲಿಗೆ ಒಂದು ಹೆಸರು ಇರಲಿ, ಬೇರೆ ಊರಲ್ಲಿ ಬಳಸುವ ಹೆಸರು ಮುಂದಿನ ಸಾಲಿನಲ್ಲಿ ಬರಲಿ. ಉಳಿದವನ್ನು ಪಟ್ಟಿಯ ಮೇಲೆ ಎರಡು ಮೂರು ವಾಕ್ಯದ ವಿವರಣೆಯಲ್ಲಿ ಸಹಜವಾಗಿ ಬಳಸಿ, ಇಂಗ್ಲಿಷ್ ಹೆಸರನ್ನೂ ಅಲ್ಲೇ ಒಂದು ಸಲ ಬರೆಯಿರಿ.

ಮತ್ತೊಂದು ವಿಷಯ ನಿಮ್ಮ ವಿಡಿಯೊಗೇ ಹತ್ತಿರವಾದದ್ದು. 52ನೇ ನಿಮಿಷದ ಭಾಗಕ್ಕೆ ನಾನು ಮೊದಲು "ಕೊನೆಗೆ ಔಷಧಿ ಹೊಡೆಯುವ ಕ್ರಮ" ಎಂದು ಬರೆದಿದ್ದೆ. ಆಮೇಲೆ ಓದಿ ನೋಡಿದರೆ ಕೊನೆಗೆ ಅಂದರೆ ಕಟ್ಟಕಡೆಗೆ ಎಂದೂ ಆಗುತ್ತದೆ! ಮಲೆನಾಡಿನವರಿಗೆ ಅದು ಅಡಿಕೆ ಕೊನೆ, ಅಂದರೆ ಗೊನೆ ಎಂದು ಉಪನ್ಯಾಸದ ಒಳಗೆ ಗೊತ್ತಾಗುತ್ತದೆ, ಆದರೆ ಹುಡುಕಾಟದ ಫಲಿತಾಂಶದಲ್ಲಿ ಆ ಸಾಲು ಒಂಟಿಯಾಗಿ ನಿಲ್ಲುತ್ತದೆ, ಹಿಂದೆ ಮುಂದೆ ಏನೂ ಇರುವುದಿಲ್ಲ. "ಅಡಿಕೆ ಕೊನೆಗೆ" ಎಂದು ಮಾಡಿದೆ, ಸರಿಹೋಯಿತು. ಪ್ರತಿ ಸಾಲನ್ನೂ ಹೀಗೆ ಒಂಟಿಯಾಗಿ ಇಟ್ಟು ಓದಿ. "ಲಕ್ಷಣಗಳು" ಎಂದಿದ್ದರೆ ಯಾವುದರ ಲಕ್ಷಣ? "ಪ್ರಮಾಣ" ಎಂದಿದ್ದರೆ ಯಾವುದರ ಪ್ರಮಾಣ? ಮುಖ್ಯ ಪದ ಸಾಲಿನ ಮುಂದೆಯೇ ಇರಲಿ, ಫೋನ್‌ನಲ್ಲಿ ಉದ್ದದ ಹೆಸರಿನ ಬಾಲ ಕತ್ತರಿಸಿ ಹೋಗುತ್ತದೆ.

ಪ್ರಶ್ನೋತ್ತರವನ್ನು ನೀವು 1:20:00 ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದು ನನಗೆ ತುಂಬಾ ಬೇಸರವಾದ ಜಾಗ, ಯಾಕೆಂದರೆ ಹುಡುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಇರುವುದು ಅಲ್ಲೇ. ಉಪನ್ಯಾಸಕರು ತಮ್ಮ ಕ್ರಮದಲ್ಲಿ ಹೇಳುತ್ತಾರೆ, ಸಭೆಯಲ್ಲಿ ಕೂತವರು ತೋಟದಲ್ಲಿ ಎದುರಾದದ್ದನ್ನು ಕೇಳುತ್ತಾರೆ. "ಔಷಧಿ ಹೊಡೆದು ಎರಡು ಗಂಟೆಗೆ ಮಳೆ ಬಂತು, ಮತ್ತೆ ಹೊಡೆಯಬೇಕಾ?" ಎಂದು ಒಬ್ಬರು ಕೇಳಿದ್ದಾರಲ್ಲ, ಅದೇ ಮಾತನ್ನು ನಾಳೆ ಇನ್ನೊಬ್ಬರು ಫೋನ್‌ನಲ್ಲಿ ಹುಡುಕುತ್ತಾರೆ. ಎಲ್ಲ ಪ್ರಶ್ನೆಗೂ ಸಾಲು ಬೇಡ. ಮೂರ್ನಾಲ್ಕು ನಿಮಿಷ ಉತ್ತರ ಬಂದ, ಬೇರೆಯವರಿಗೂ ಬೇಕಾಗುವ ಪ್ರಶ್ನೆ ಆರಿಸಿ. ಸಭೆಯಲ್ಲಿ ಕೇಳಿದವರ ಧ್ವನಿ ಮೈಕ್‌ಗೆ ಸಿಕ್ಕಿಲ್ಲ, ಗುಂಯ್ ಎಂದಷ್ಟೇ ಕೇಳುತ್ತದೆ. ಆದ್ದರಿಂದ ಉಪನ್ಯಾಸಕರು "ಅವರು ಕೇಳ್ತಾ ಇರೋದು ಏನಂದ್ರೆ" ಎಂದು ಪ್ರಶ್ನೆಯನ್ನು ಮತ್ತೆ ಹೇಳುವ ಜಾಗಕ್ಕೆ ಗುರುತು ಹಾಕಿ. ಮುಂದಿನ ಕಾರ್ಯಕ್ರಮದಲ್ಲಿ ಉಪನ್ಯಾಸಕರಿಗೆ ಮುಂಚೆಯೇ ಹೇಳಿಡಿ, ಪ್ರತಿ ಪ್ರಶ್ನೆಯನ್ನೂ ಒಮ್ಮೆ ಮೈಕ್‌ನಲ್ಲಿ ಹೇಳಿ ಉತ್ತರಿಸಿ ಎಂದು.

ನಾನು ಮಾಡಿದ ಪಟ್ಟಿ ಇದು. ನೀವು ಒಮ್ಮೆ ಕೇಳಿ ನೋಡಿ ಬೇಕಾದ್ದು ಬದಲಿಸಿ, ಹಾಗೇ ಅಂಟಿಸಿದರೂ ಆಗುತ್ತದೆ.

```
0:00 ಸ್ವಾಗತ, ಉಪನ್ಯಾಸಕರ ಪರಿಚಯ
6:42 ಅಡಿಕೆ ಕೊಳೆ ರೋಗ ಯಾಕೆ ಬರುತ್ತದೆ
15:18 ಕೊಳೆ ರೋಗದ ಮೊದಲ ಲಕ್ಷಣ ಗುರುತಿಸುವುದು
24:05 ಉದುರಿದ ಅಡಿಕೆ ಕಾಯಿ ಹೆಕ್ಕಿ ತೆಗೆಯಬೇಕು ಯಾಕೆ
33:50 ಅಡಿಕೆಗೆ ಔಷಧಿ ಯಾವಾಗ ಹೊಡೆಯಬೇಕು
41:37 ಬೋರ್ಡೋ ದ್ರಾವಣ ಮಾಡುವ ವಿಧಾನ (ಶೇ. 1)
49:10 ಬೋರ್ಡೋ ಸರಿಯಾಗಿದೆಯೇ? ಕತ್ತಿ ಅದ್ದಿ ನೋಡುವುದು
52:26 ಅಡಿಕೆ ಕೊನೆಗೆ ಮದ್ದು ಬಿಡುವ ಕ್ರಮ
1:03:15 ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವುದು
1:12:40 ಸುಳಿ ಕೊಳೆ ಬಂದ ಮರಕ್ಕೆ ಏನು ಮಾಡಬೇಕು
1:20:08 ಔಷಧಿ ಹೊಡೆದ ಮೇಲೆ ಮಳೆ ಬಂದರೆ?
1:26:31 ಉಳಿದ ಬೋರ್ಡೋ ಮರುದಿನ ಬಳಸಬಹುದೇ?
1:34:02 ಎಳೆ ತೋಟಕ್ಕೂ ಬೋರ್ಡೋ ಹೊಡೆಯಬೇಕೇ?
1:40:12 ವಂದನಾರ್ಪಣೆ
```

ಹದಿನಾಲ್ಕು ಸಾಲು. ಇನ್ನೂ ಇಪ್ಪತ್ತು ಮಾಡಬಹುದಿತ್ತು, ಮಾಡಲಿಲ್ಲ. ಫೋನ್‌ನ ಬಾರ್‌ನಲ್ಲಿ ತುಂಡುಗಳು ಅಕ್ಕಿಕಾಳಿನಷ್ಟಾದರೆ ಬೆರಳಿಗೆ ಸಿಗುವುದಿಲ್ಲ. 41:37ರಿಂದ 49:10ರವರೆಗಿನ ಏಳೂವರೆ ನಿಮಿಷದಲ್ಲಿ ಅವರು ಮೈಲುತುತ್ತವನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಇನ್ನರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸುವುದು, ಲೋಹದ ಪಾತ್ರೆ ಯಾಕೆ ಬಳಸಬಾರದು, ಹೇಗೆ ಸೇರಿಸಬೇಕು ಎಂದು ಒಂದರ ಹಿಂದೆ ಒಂದು ಹೇಳುತ್ತಾರೆ. ಅದನ್ನು ತುಂಡು ಮಾಡಿದರೆ ಯಾರೋ ಒಬ್ಬರು "ಸೇರಿಸುವುದು" ಎಂಬ ತುಂಡಿಗೆ ಮಾತ್ರ ಬಂದು, ಸುಣ್ಣ ಸೋಸಬೇಕು ಅನ್ನುವುದು ಕೇಳದೆ ಹೋಗುತ್ತಾರೆ, ಆಮೇಲೆ ಪಂಪಿನ ನಾಝಲ್ ಕಟ್ಟಿಕೊಳ್ಳುತ್ತದೆ. ಒಂದು ಕೆಲಸದ ಮೆಟ್ಟಿಲುಗಳು ಒಟ್ಟಿಗೇ ಇರಲಿ. ಆದರೆ ಕತ್ತಿ ಅದ್ದಿ ನೋಡುವುದನ್ನು ನಾನು ಬೇಕೆಂದೇ ಬೇರೆ ಮಾಡಿದ್ದೇನೆ. ದ್ರಾವಣ ಮಾಡಿಟ್ಟುಕೊಂಡು, ಹೊಳೆಯುವ ಕತ್ತಿಯನ್ನು ಅದ್ದಿ, ಅದರ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಸುಣ್ಣ ಕಡಿಮೆಯಾಗಿದೆ ಎಂದು ತಿಳಿಯುವ ಆ ಮೂರು ನಿಮಿಷ, ಬೋರ್ಡೋ ಮಾಡಲು ಬಲ್ಲವರಿಗೂ ಬೇಕಾಗುವಂಥದ್ದು. ಅವರು ಅದನ್ನು ಮಾತ್ರ ಹುಡುಕಿಕೊಂಡು ಬರುತ್ತಾರೆ.

ಇನ್ನು ಎಚ್ಚರದ ಮಾತು. ಪಟ್ಟಿ ಹಾಕಿದ ಮೇಲೆ ವಿಡಿಯೊ ಕತ್ತರಿಸಬೇಡಿ. ನನಗೆ ಒಮ್ಮೆ ಹೀಗಾಗಿದೆ. ಒಂದು ಸಂಸ್ಥೆಗೆ ನೇರ ಪ್ರಸಾರವಾದ ಉಪನ್ಯಾಸಕ್ಕೆ ಪಟ್ಟಿ ಬರೆದುಕೊಟ್ಟೆ, ಎಲ್ಲ ಸರಿಯಿತ್ತು. ಎರಡು ದಿನದ ಮೇಲೆ ಅಲ್ಲಿನ ಯಾರೋ ಶುರುವಿನ ಖಾಲಿ 4 ನಿಮಿಷ 20 ಸೆಕೆಂಡನ್ನು ಯೂಟ್ಯೂಬ್‌ನ ಎಡಿಟರ್‌ನಲ್ಲೇ ಕತ್ತರಿಸಿದರು. ವಿಡಿಯೊ ಚಿಕ್ಕದಾಯಿತು, ಡಿಸ್ಕ್ರಿಪ್ಷನ್ ಹಾಗೇ ಉಳಿಯಿತು. ಮುಂಚೆ 12:30ಕ್ಕೆ ಶುರುವಾಗುತ್ತಿದ್ದ ವಿಷಯ ಈಗ 8:10ಕ್ಕೆ ಶುರು, ಆದರೆ ಪಟ್ಟಿ 12:30 ಎಂದೇ ಹೇಳುತ್ತಿದೆ. ಒತ್ತಿದವರೆಲ್ಲ ವಿಷಯದ ಮುಖ್ಯ ಭಾಗ ದಾಟಿ ಆಚೆ ಹೋಗಿ ಬೀಳುತ್ತಿದ್ದರು. ಬಾರ್‌ನಲ್ಲಿ ಚಾಪ್ಟರ್ ಚೆಂದವಾಗಿ ಕಾಣುತ್ತಿತ್ತು, ನಿಯಮ ಯಾವುದೂ ಮುರಿದಿರಲಿಲ್ಲ, ಹಾಗಾಗಿ ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ನೋಡಿದವರೊಬ್ಬರು ಫೋನ್ ಮಾಡಿ "ಬರೆದದ್ದೊಂದು, ಬರೋದೊಂದು" ಎಂದ ಮೇಲೆ ತಿಳಿಯಿತು. ಆ ಮೂರು ವಾರ ಹುಡುಕಿ ಬಂದವರ ಸಮಯ ಹಾಳಾಯಿತಲ್ಲ ಎಂದು ಈಗಲೂ ಬೇಜಾರಿದೆ.

ಅಂದಿನಿಂದ ನಾನು ಯಾವ ಪಟ್ಟಿಯನ್ನೇ ನೋಡಿದರೂ ಮೂರು ಜಾಗ ಒತ್ತಿ ನೋಡುತ್ತೇನೆ: ಶುರುವಿನ ಹತ್ತಿರ ಒಂದು, ನಡುವೆ ಒಂದು, ಕೊನೆಯಲ್ಲಿ ಒಂದು. ಮೂರೂ ಒಂದೇ ಅಳತೆಗೆ ತಪ್ಪಿದ್ದರೆ ಶುರುವಿನಲ್ಲಿ ಕತ್ತರಿಸಿದ್ದಾರೆ ಎಂದರ್ಥ, 0:00 ಬಿಟ್ಟು ಉಳಿದ ಎಲ್ಲ ಸಾಲಿನಿಂದ ಅಷ್ಟನ್ನು ಕಳೆದರೆ ಸಾಕು. ಮೊದಲನೆಯದು ಸರಿಯಿದ್ದು ನಡುವಿನಿಂದ ತಪ್ಪಿದ್ದರೆ ಮಧ್ಯೆ ಎಲ್ಲೋ ಒಂದು ತುಂಡು ತೆಗೆದಿದ್ದಾರೆ, ಎಲ್ಲಿಂದ ತಪ್ಪಿದೆ ಎಂದು ಸಾಲು ಸಾಲಾಗಿ ಒತ್ತಿ ಹುಡುಕಿ ಅಲ್ಲಿಂದ ಕೆಳಗಿನವನ್ನು ಮಾತ್ರ ಸರಿ ಮಾಡಬೇಕು. ನಿಮ್ಮ ವಿಡಿಯೊದಲ್ಲೂ ಕೊನೆಗೆ ಎರಡು ನಿಮಿಷ ಕುರ್ಚಿ ಎತ್ತುವ ದೃಶ್ಯ ಇದೆ. ಅದನ್ನು ಕತ್ತರಿಸಿದರೆ ಪಟ್ಟಿಗೆ ತೊಂದರೆ ಇಲ್ಲ, ಕೊನೆಯಲ್ಲಿದೆ. ಶುರುವಿನದನ್ನು ಕತ್ತರಿಸುವ ಆಸೆ ಇದ್ದರೆ ಈಗಲೇ ಕತ್ತರಿಸಿ, ಆಮೇಲೆ ಪಟ್ಟಿಯ ಸಮಯಗಳಿಂದ ಅಷ್ಟನ್ನು ಕಳೆದು ಹಾಕಿ.

ಪಟ್ಟಿಯನ್ನು ಕಾಮೆಂಟಿನಲ್ಲಿ ಪಿನ್ ಮಾಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಅಲ್ಲಿ ಸಮಯ ಒತ್ತಿದರೆ ಆ ಜಾಗಕ್ಕೆ ಹೋಗುತ್ತದೆ ನಿಜ, ಆದರೆ ಅದರಿಂದ ಬಾರ್‌ನಲ್ಲಿ ಚಾಪ್ಟರ್ ಆಗುವುದಿಲ್ಲ. ಸ್ಟುಡಿಯೊದಲ್ಲಿ ತಾನೇ ಚಾಪ್ಟರ್ ಮಾಡುವ ಒಂದು ಆಯ್ಕೆ ಇರುತ್ತದೆ, ಅದರ ಚಿಂತೆ ಬೇಡ. ನೀವು ಡಿಸ್ಕ್ರಿಪ್ಷನ್‌ನಲ್ಲಿ ಸರಿಯಾಗಿ ಬರೆದಿದ್ದರೆ ನಿಮ್ಮದೇ ನಡೆಯುತ್ತದೆ. ಡಿಸ್ಕ್ರಿಪ್ಷನ್‌ನಲ್ಲಿ `<` ಮತ್ತು `>` ಗುರುತು ಬಳಸಬೇಡಿ, ಯೂಟ್ಯೂಬ್ ಒಪ್ಪುವುದಿಲ್ಲ. ಬೇರೆ ತಂತ್ರಾಂಶದಿಂದ ಎಪಿಐ ಮೂಲಕ ವಿಡಿಯೊ ಹಾಕುವವರಾದರೆ ಇನ್ನೊಂದು ಗಮನಿಸಿ. ಅಲ್ಲಿ ಮಿತಿ 5000 ಬೈಟ್, ಕನ್ನಡದಲ್ಲಿ ಅಕ್ಷರಕ್ಕೂ ಅದರ ಗುಣಿತದ ಚಿಹ್ನೆಗೂ ತಲಾ 3 ಬೈಟ್ ಹಿಡಿಯುತ್ತದೆ. "ಕೊಳೆ" ಎಂಬ ಎರಡಕ್ಷರಕ್ಕೇ 12 ಬೈಟ್ ಆಯಿತು. ಉದ್ದದ ವಿವರಣೆ, ಪ್ರಾಯೋಜಕರ ಹೆಸರು, ಇಪ್ಪತ್ತು ಹ್ಯಾಶ್‌ಟ್ಯಾಗ್ ಎಲ್ಲ ಸೇರಿಸಿದರೆ ಪಟ್ಟಿಗೇ ಜಾಗ ಸಾಲದೆ ಹೋಗಬಹುದು.

ಸಂಘಕ್ಕೆ ಸ್ವಂತ ವೆಬ್‌ಸೈಟ್ ಇದೆ, ಅಲ್ಲೂ ವಿಡಿಯೊ ಹಾಕುವ ಯೋಚನೆ ಇದೆ ಎಂದು ನಿಮ್ಮ ಮೆಸೇಜಿನ ಕೊನೆಯಲ್ಲಿ ಬರೆದಿದ್ದೀರಿ. ಯೂಟ್ಯೂಬ್‌ನದನ್ನೇ ಅಲ್ಲಿ ತೋರಿಸುವುದಾದರೆ ಈ ಡಿಸ್ಕ್ರಿಪ್ಷನ್ ಪಟ್ಟಿಯೇ ಸಾಕು. ವಿಡಿಯೊ ಫೈಲನ್ನೇ ನಿಮ್ಮ ಸರ್ವರ್‌ನಲ್ಲಿ ಇಡುವುದಾದರೆ ಮಾತ್ರ ಪುಟದ ಒಳಗೆ, ವಿಡಿಯೊದ ವಿವರವನ್ನು ಗೂಗಲ್‌ಗೆ ಹೇಳುವ ಗುರುತುಪಟ್ಟಿಯಲ್ಲಿ ಪ್ರತಿ ಚಾಪ್ಟರಿಗೂ ಒಂದು ತುಂಡು ಸೇರಿಸಬೇಕು. ವೆಬ್‌ಸೈಟ್ ನೋಡಿಕೊಳ್ಳುವ ಹುಡುಗನಿಗೆ ಇದನ್ನು ತೋರಿಸಿ, ಅವನಿಗೆ ಗೊತ್ತಾಗುತ್ತದೆ:

```
"hasPart": [{
  "@type": "Clip",
  "name": "ಬೋರ್ಡೋ ದ್ರಾವಣ ಮಾಡುವ ವಿಧಾನ (ಶೇ. 1)",
  "startOffset": 2497,
  "endOffset": 2950,
  "url": "https://example.com/kole?t=2497"
}]
```

ಇಲ್ಲಿ ಸಮಯ ಪೂರ್ತಿ ಸೆಕೆಂಡಿನಲ್ಲಿ. 41 ನಿಮಿಷ ಅಂದರೆ 2460, ಅದಕ್ಕೆ 37 ಸೇರಿಸಿದರೆ 2497. ವಿಳಾಸ ಅದೇ ಪುಟದ್ದೇ ಆಗಿರಬೇಕು, ಕೊನೆಯಲ್ಲಿ ಸಮಯ ಮಾತ್ರ ಸೇರಬೇಕು, ಎರಡು ತುಂಡು ಒಂದೇ ಸೆಕೆಂಡಿಗೆ ಶುರುವಾಗಬಾರದು. ಜನ ಮರೆಯುವುದು ಇನ್ನೊಂದನ್ನು: ಆ ವಿಳಾಸ ತೆರೆದರೆ ಪ್ಲೇಯರ್ ನಿಜವಾಗಿಯೂ 2497ನೇ ಸೆಕೆಂಡಿಗೆ ಹೋಗಬೇಕು. ಎಷ್ಟೋ ಸೈಟಿನಲ್ಲಿ ಗುರುತುಪಟ್ಟಿ ಸರಿಯಿರುತ್ತದೆ, ವಿಡಿಯೊ ಮಾತ್ರ ಮೊದಲಿನಿಂದಲೇ ಶುರುವಾಗುತ್ತದೆ.

ಕೊನೆಗೆ, ಏನು ನಿರೀಕ್ಷೆ ಇಟ್ಟುಕೊಳ್ಳಬೇಕು ಎಂದು ಹೇಳಿಬಿಡುತ್ತೇನೆ. ಯೂಟ್ಯೂಬ್‌ನ ಬಾರ್ ಬೇಗ ಬದಲಾಗುತ್ತದೆ. ಕಂಪ್ಯೂಟರ್‌ನಲ್ಲಿ ಬಾರ್ ಮೇಲೆ ಮೌಸ್ ಇಟ್ಟರೆ ಹೆಸರು ಬರಬೇಕು, ಬರದಿದ್ದರೆ ಪಟ್ಟಿಯಲ್ಲಿ ತಪ್ಪಿದೆ. ಗೂಗಲ್ ಹಾಗಲ್ಲ. ಅದು ಪುಟವನ್ನು ಮತ್ತೆ ಓದುವವರೆಗೆ ಕಾಯಬೇಕು. ಓದಿದ ಮೇಲೂ ತೋರಿಸಿಯೇ ತೋರಿಸುತ್ತದೆ ಎಂಬ ಖಾತ್ರಿ ಇಲ್ಲ, ಎಲ್ಲ ಸಾಲನ್ನೂ ತೋರಿಸಬೇಕೆಂದೂ ಇಲ್ಲ. ವಿಡಿಯೊ ಪಬ್ಲಿಕ್ ಆಗಿರಬೇಕು, ಅನ್‌ಲಿಸ್ಟೆಡ್ ಆದರೆ ಹುಡುಕಾಟಕ್ಕೆ ಸಿಗುವುದೇ ಇಲ್ಲ, ನಿಮ್ಮದು ಈಗ ಪಬ್ಲಿಕ್ ಇದೆ. ಪರೀಕ್ಷೆ ಮಾಡುವಾಗ ನಿಮ್ಮ ಚಾನೆಲ್‌ನ ಖಾತೆಯಿಂದ ಹೊರಗೆ ಬಂದು ಹುಡುಕಿ. ಬರೀ "ಬೋರ್ಡೋ" ಎಂದು ಹುಡುಕಿದರೆ ನೂರಾರು ವಿಡಿಯೊಗಳ ಜೊತೆ ಪೈಪೋಟಿ, "ಬೋರ್ಡೋ ಕತ್ತಿ ಅದ್ದಿ ನೋಡುವುದು" ಎಂದು ನೋಡಿ, ನಿಮ್ಮದು ಮೇಲೆ ಬರುವ ಸಾಧ್ಯತೆ ಅಲ್ಲಿ ಹೆಚ್ಚು.

ಅಲ್ಲಿವರೆಗೆ ಕಾಯಬೇಕಾಗಿಲ್ಲ. ಕಂಪ್ಯೂಟರ್‌ನಲ್ಲಿ ವಿಡಿಯೊವನ್ನು 41:37ಕ್ಕೆ ನಿಲ್ಲಿಸಿ, ಅದರ ಮೇಲೆ ಬಲ ಗುಂಡಿ ಒತ್ತಿದರೆ ಈ ಸಮಯದ ವಿಳಾಸ ಕಾಪಿ ಮಾಡುವ ಆಯ್ಕೆ ಬರುತ್ತದೆ. ಅದು `https://youtu.be/VIDEO_ID?t=2497` ಹೀಗಿರುತ್ತದೆ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ ಇದೊಂದು ಲಿಂಕನ್ನೂ 33:50ರದ್ದನ್ನೂ ನಿಮ್ಮ ಸಂಘದ ಗುಂಪಿಗೆ ಹಾಕಿ. 33:50ಕ್ಕೆ ಸೆಕೆಂಡ್ 2030.